ತಂತ್ರಾಂಶದ ಕೆಲಸ ತಡವಾದಾಗ ಬರೆಯುವ ಪತ್ರ: ಹೊಸ ದಿನಾಂಕ ಮತ್ತು ಅಪಾಯಗಳ ನಿರೂಪಣೆ

ನಮ್ಮ ಸಣ್ಣ ಉದ್ದಿಮೆಗಳಲ್ಲಿ ಖರೀದಿ, ದಾಸ್ತಾನು, ಉತ್ಪಾದನೆ ಮತ್ತು ಬಿಲ್ಲಿಂಗ್ ಇವೆಲ್ಲವನ್ನೂ ಒಂದೇ ತಂತ್ರಾಂಶಕ್ಕೆ ತರುವ ಪ್ರಯತ್ನಗಳು ನಡೆಯುತ್ತಲೇ ಇವೆ. ಇಂತಹ ಕೆಲಸವು ಹೇಳಿದ ದಿನಕ್ಕೆ ಮುಗಿಯದಿರುವುದೂ ಅಪರೂಪವಲ್ಲ. ತಡವಾದುದು ಖಚಿತವಾದ ದಿನ ಉಸ್ತುವಾರಿ ಹೊತ್ತವರು ಮಾಲೀಕರಿಗೆ, ವಿಭಾಗಗಳ ಮುಖ್ಯಸ್ಥರಿಗೆ ಮತ್ತು ತಂತ್ರಾಂಶ ಪೂರೈಸುವವರಿಗೆ ಒಂದು ಇ-ಮೇಲ್ ಬರೆಯಬೇಕಾಗುತ್ತದೆ. ಆ ಪತ್ರದಲ್ಲಿ ಹೊಸ ದಿನಾಂಕವನ್ನು ಹೇಗೆ ಗೊತ್ತುಪಡಿಸಬೇಕು, ಮುಂದಿನ ಅಪಾಯಗಳನ್ನು ಹೇಗೆ ಹೇಳಬೇಕು ಎಂಬುದನ್ನು ಈ ಲೇಖನದಲ್ಲಿ ಒಂದು ಉದಾಹರಣೆಯ ಮೂಲಕ ಪರಿಶೀಲಿಸಲಾಗಿದೆ.

ಸಾಮಾನ್ಯವಾಗಿ ಬರುವ ಪತ್ರದ ಧಾಟಿ ವಾಚಕರಿಗೆ ಪರಿಚಿತವೇ ಆಗಿದೆ: "ಕೆಲವು ತಾಂತ್ರಿಕ ಕಾರಣಗಳಿಂದಾಗಿ ಹೊಸ ತಂತ್ರಾಂಶದ ಆರಂಭವು ಸ್ವಲ್ಪ ವಿಳಂಬವಾಗಿದೆ. ಈಗಾಗಲೇ ಶೇಕಡಾ 90ರಷ್ಟು ಕೆಲಸ ಪೂರ್ಣಗೊಂಡಿದ್ದು, ಶೀಘ್ರದಲ್ಲಿಯೇ ಆರಂಭಿಸಲಾಗುವುದು. ತಮ್ಮ ಸಹಕಾರ ಕೋರುತ್ತೇವೆ." ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಓದಿದವರು ಏನನ್ನೂ ನಿರ್ಧರಿಸಲಾರರು. ರವಾನೆ ವಿಭಾಗದವರು ಹಳೆಯ ಬಿಲ್ ಪುಸ್ತಕವನ್ನು ಮುಂದುವರಿಸಬೇಕೇ, ಹಳೆಯ ತಂತ್ರಾಂಶದ ವಾರ್ಷಿಕ ನಿರ್ವಹಣಾ ಶುಲ್ಕವನ್ನು ನವೀಕರಿಸಬೇಕೇ, ಗ್ರಾಹಕರಿಗೆ ಏನು ಹೇಳಬೇಕು ಎಂಬ ಯಾವ ಪ್ರಶ್ನೆಗೂ ಇದರಲ್ಲಿ ಉತ್ತರವಿಲ್ಲ. ಶೇಕಡಾ 90 ಎಂಬ ಮಾತಂತೂ ವಿಶೇಷವಾಗಿ ದಾರಿ ತಪ್ಪಿಸುವಂತಹದು. ತಂತ್ರಾಂಶದ ಕೆಲಸದಲ್ಲಿ ಸುಲಭವಾದ ಭಾಗ ಮೊದಲು ಮುಗಿಯುತ್ತದೆ. ಹಳೆಯ ಲೆಕ್ಕಗಳ ಗೋಜಲು, ಅಳತೆಯ ವ್ಯತ್ಯಾಸ ಮತ್ತು ತೆರಿಗೆ ಹೊಂದಾಣಿಕೆ ಕೊನೆಗೆ ಉಳಿಯುತ್ತವೆ. ಉಳಿದ ಹತ್ತು ಭಾಗಕ್ಕೆ ಕಳೆದ ತೊಂಬತ್ತರಷ್ಟೇ ಕಾಲ ಹಿಡಿದರೆ ಆಶ್ಚರ್ಯಪಡಬೇಕಾಗಿಲ್ಲ.

ಉದಾಹರಣೆಯ ಘಟಕ

ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಘಟಕವೊಂದನ್ನು ಕಲ್ಪಿಸಿಕೊಳ್ಳೋಣ. ವಾರ್ಷಿಕ ವಹಿವಾಟು ಸುಮಾರು 18 ಕೋಟಿ ರೂಪಾಯಿ. ಉಕ್ಕಿನ ಸರಳುಗಳನ್ನು ಕೊಂಡು, ಕತ್ತರಿಸಿ, ಲೇತ್‌ನಲ್ಲಿ ಕಡೆದು, ಹದಗೊಳಿಸಲು ಹೊರಗೆ ಜಾಬ್‌ವರ್ಕ್‌ಗೆ ಕಳುಹಿಸಿ, ಮರಳಿ ಬಂದ ನಂತರ ಪರೀಕ್ಷಿಸಿ ರವಾನಿಸುವುದು ಇಲ್ಲಿನ ಕ್ರಮ. ಹೊಸ ತಂತ್ರಾಂಶವು 2025ರ ಅಕ್ಟೋಬರ್ 1ರಂದು ಆರಂಭವಾಗಬೇಕಿತ್ತು. ಸೆಪ್ಟೆಂಬರ್ ಮಧ್ಯಭಾಗದ ಹೊತ್ತಿಗೆ ಅದು ಸಾಧ್ಯವಿಲ್ಲವೆಂಬುದು ಸ್ಪಷ್ಟವಾಯಿತು. ಕಾರಣ ತಂತ್ರಾಂಶದಲ್ಲಿರಲಿಲ್ಲ, ಉಗ್ರಾಣದಲ್ಲಿತ್ತು.

ಐಟಂ ಮಾಸ್ಟರ್ ಎಂದು ಕರೆಯುವ ಸರಕುಪಟ್ಟಿಯಲ್ಲಿ 4,200 ನಮೂದುಗಳಿದ್ದವು. ಒಂದೇ ಸರಳು ಮೂರು ಹೆಸರುಗಳಲ್ಲಿ ಇತ್ತು. ಅದಕ್ಕಿಂತ ಕಷ್ಟದ ಸಂಗತಿ ಅಳತೆಯದು. ಉಕ್ಕನ್ನು ಕಿಲೋಗ್ರಾಂ ಲೆಕ್ಕದಲ್ಲಿ ಖರೀದಿಸಿ, ಸರಳುಗಳ ಲೆಕ್ಕದಲ್ಲಿ ಯಂತ್ರಕ್ಕೆ ಕೊಡುವುದು ವಾಡಿಕೆ. ಉರುಟು ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರೊಂದರ ತೂಕ ಕಿಲೋಗ್ರಾಂನಲ್ಲಿ ಬರುತ್ತದೆಂಬುದು ಉಕ್ಕಿನ ವ್ಯಾಪಾರದಲ್ಲಿರುವವರೆಲ್ಲರಿಗೂ ತಿಳಿದ ಲೆಕ್ಕ. 32 ಮಿ.ಮೀ. ಸರಳಿಗೆ ಮೀಟರಿಗೆ 6.32 ಕಿ.ಗ್ರಾಂ.; ಆರು ಮೀಟರಿನ ಸರಳಿಗೆ ಸುಮಾರು 37.9 ಕಿ.ಗ್ರಾಂ. ಉಗ್ರಾಣದವರು ಹತ್ತು ಸರಳುಗಳಿಗೆ '10' ಎಂದು ಬರೆದುದನ್ನು ತಂತ್ರಾಂಶವು ಹತ್ತು ಕಿಲೋ ಎಂದು ಓದಿದರೆ, 379 ಕಿಲೋ ಉಕ್ಕು ಕಾಗದದ ಮೇಲೆ 10 ಕಿಲೋ ಆಗುತ್ತದೆ. ಉಳಿದ ಸರಕು ಖರ್ಚಾಗಿಲ್ಲ, ಕಳುವಾಗಿಲ್ಲ, ಲೆಕ್ಕದಲ್ಲಿ ಮಾತ್ರ ಇಲ್ಲ. ತಂತ್ರಾಂಶವು ಉಕ್ಕು ಮುಗಿದಿದೆಯೆಂದು ಭಾವಿಸಿ ಖರೀದಿ ಆದೇಶವನ್ನು ಸೂಚಿಸುತ್ತದೆ!

ಇದರ ನಡುವೆ ಇನ್ನೊಂದು ಕೆಲಸ ಬಂದು ಸೇರಿತು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯು ದರಗಳ ಪರಿಷ್ಕರಣೆಯನ್ನು ಪ್ರಕಟಿಸಿತು. ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ದರ ಶೇಕಡಾ 28ರಿಂದ 18ಕ್ಕೆ ಇಳಿಯಬೇಕಾಗಿತ್ತು. ಈ ಬದಲಾವಣೆಯನ್ನು ನಡೆಯುತ್ತಿರುವ ಹಳೆಯ ತಂತ್ರಾಂಶದಲ್ಲಿ, ಬಾಕಿ ಇರುವ ಆದೇಶಗಳಲ್ಲಿ ಮತ್ತು ಸಿದ್ಧವಾಗುತ್ತಿರುವ ಹೊಸ ತಂತ್ರಾಂಶದಲ್ಲಿ ಮೂರೂ ಕಡೆ ಮಾಡಬೇಕು. ಮಾಡಬೇಕಾದವರು ಅದೇ ಉಗ್ರಾಣ ಪಾಲಕರು ಮತ್ತು ಅದೇ ಬಿಲ್ಲಿಂಗ್ ಗುಮಾಸ್ತರು.

ದಿನಾಂಕವನ್ನು ಲೆಕ್ಕದಿಂದ ಪಡೆಯುವುದು

ಪತ್ರ ಬರೆಯುವ ಮುನ್ನ ಲೆಕ್ಕ ಹಾಕಬೇಕು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. "ಇನ್ನೆಷ್ಟು ದಿನ ಬೇಕಪ್ಪಾ?" ಎಂದು ಕೇಳಿದರೆ ಕೆಲಸಗಾರರು ಕೇಳಿದವರ ಮುಖ ನೋಡಿ "ಎರಡು ವಾರ, ಸಾರ್" ಎನ್ನುತ್ತಾರೆ. ಅದು ಅಂದಾಜಲ್ಲ, ಸೌಜನ್ಯ. ಅದರ ಬದಲು ಈವರೆಗೆ ಆದ ಕೆಲಸದ ವೇಗವನ್ನು ಅಳೆಯಬೇಕು. ನಮ್ಮ ಉದಾಹರಣೆಯಲ್ಲಿ ಆಗಸ್ಟ್ 11ರಿಂದ ಐದು ವಾರಗಳಲ್ಲಿ 1,500 ನಮೂದುಗಳು ಶುದ್ಧಗೊಂಡಿವೆ. ಎಂದರೆ ವಾರಕ್ಕೆ 300. ಉಳಿದುದು 2,700. ಇದೇ ವೇಗದಲ್ಲಿ ಒಂಬತ್ತು ವಾರ ಬೇಕು.

ಒಂಬತ್ತು ವಾರ ಎಂಬ ಉತ್ತರ ಬಂದಾಗ ಮಾಡಬೇಕಾದುದು ವೇಗವನ್ನು ಹೆಚ್ಚಿಸಿ ತೋರಿಸುವುದಲ್ಲ, ಕೆಲಸವನ್ನು ಮತ್ತೊಮ್ಮೆ ನೋಡುವುದು. ಆ 2,700 ನಮೂದುಗಳಲ್ಲಿ ಕಳೆದ ಎರಡು ವರ್ಷಗಳಲ್ಲಿ ಖರೀದಿ ಅಥವಾ ಬಳಕೆ ಆಗಿರುವುದು 800 ಮಾತ್ರ ಎಂದು ಹಳೆಯ ಲೆಕ್ಕದಿಂದ ತಿಳಿದುಬಂದಿತು. ಉಳಿದ 1,900 ಮಲಗಿದ ಸರಕು. ಅವುಗಳನ್ನು ಆರಂಭದ ನಂತರ ಬೇಕಾದಾಗ ಒಂದೊಂದಾಗಿ ಸೇರಿಸಬಹುದು. 800 ನಮೂದುಗಳಿಗೆ ಮೂರು ವಾರಕ್ಕಿಂತ ಕಡಿಮೆ ಸಾಕು. ಆದರೆ ಅವು ಯಾವ ಮೂರು ವಾರಗಳು? ಸೆಪ್ಟೆಂಬರ್ 15ರ ವಾರದಲ್ಲಿ ಪೂರ್ಣ 300 ಆಗಬಹುದು. 22ರ ವಾರದ ಹೆಚ್ಚು ಭಾಗವನ್ನು ತೆರಿಗೆ ದರದ ಬದಲಾವಣೆ ನುಂಗುವುದರಿಂದ 100. ಅದರ ಮುಂದಿನ ವಾರ ಅಕ್ಟೋಬರ್ 1 ಮತ್ತು 2ರಂದು ಆಯುಧಪೂಜೆ, ವಿಜಯದಶಮಿ. ಯಂತ್ರಗಳಿಗೆ ಪೂಜೆಯಾಗುವ ದಿನ ಸರಕುಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ, ಆದ್ದರಿಂದ 150. ಉಳಿದ 250 ಅಕ್ಟೋಬರ್ 11ಕ್ಕೆ ಮುಗಿಯುತ್ತವೆ.

ಅಲ್ಲಿಂದ ಮುಂದೆ ದತ್ತಾಂಶವನ್ನು ಹೊಸ ತಂತ್ರಾಂಶಕ್ಕೆ ತುಂಬಲು ಒಂದು ವಾರ. 20ರ ವಾರ ದೀಪಾವಳಿ. ತುಂಬಿದ ನಂತರ ಕಂಡುಬರುವ ತಪ್ಪುಗಳನ್ನು ತಿದ್ದಲು 27ರ ವಾರ. ನವೆಂಬರ್ 3ರಿಂದ 22ರವರೆಗೆ ಮೂರು ವಾರ ಹಳೆಯದು ಮತ್ತು ಹೊಸದು ಎರಡನ್ನೂ ಸಮಾನಾಂತರವಾಗಿ ನಡೆಸಿ ತಾಳೆ ನೋಡುವುದು. ಹೀಗೆ ನೋಡಿದರೆ ನವೆಂಬರ್ 24ಕ್ಕೆ ಸಿದ್ಧವಾಗುತ್ತದೆ. ಆದರೂ ಆರಂಭದ ದಿನಾಂಕವನ್ನು ಡಿಸೆಂಬರ್ 1 ಎಂದೇ ಇಡಬೇಕು. ತಿಂಗಳ ನಡುವೆ ಬದಲಾಯಿಸಿದರೆ ಆ ತಿಂಗಳ ಜಿಎಸ್‌ಟಿಆರ್-1ಕ್ಕೆ ಎರಡು ತಂತ್ರಾಂಶಗಳಿಂದ ಬಿಲ್‌ಗಳನ್ನು ಕೂಡಿಸಬೇಕಾಗುತ್ತದೆ. ಕಾನೂನಿನ ಅಡ್ಡಿಯಿಲ್ಲ, ಆದರೆ ಮುಂದಿನ ತಿಂಗಳ 11ರೊಳಗೆ ಅದನ್ನು ತಾಳೆ ಹಾಕಬೇಕಾದ ಗುಮಾಸ್ತರನ್ನು ಕೇಳಿ ನೋಡಿ. ಮೇಲಾಗಿ 2025ರ ನವೆಂಬರ್ 30 ಭಾನುವಾರವಾಗಿದ್ದು, ದಾಸ್ತಾನನ್ನು ಕೈಯಾರೆ ಎಣಿಸಲು ಯಂತ್ರಗಳು ನಿಂತಿರುವ ಒಂದು ದಿನ ದೊರೆಯುತ್ತದೆ.

ಜನರನ್ನು ಹೆಚ್ಚಿಸಿದರೆ ಬೇಗ ಆಗುವುದಿಲ್ಲವೇ ಎಂಬುದು ಮಾಲೀಕರು ಕೇಳುವ ಮೊದಲ ಪ್ರಶ್ನೆ. ಐಬಿಎಂ ಸಂಸ್ಥೆಯ ಓಎಸ್/360 ತಂತ್ರಾಂಶದ ನಿರ್ಮಾಣವನ್ನು ನಿರ್ವಹಿಸಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರಷ್ಟು ಹಿಂದೆಯೇ, ತಡವಾದ ತಂತ್ರಾಂಶ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂಬುದನ್ನು ತಮ್ಮ ಅನುಭವದಿಂದ ಬರೆದಿದ್ದರು. ನಮ್ಮ ಘಟಕದಲ್ಲಿ ಅದರ ಅರ್ಥ ಸರಳ: ಮೂರು ಹೆಸರಿನ ಸರಳು ಒಂದೇ ಎಂಬುದು ಉಗ್ರಾಣ ಪಾಲಕರೊಬ್ಬರಿಗೇ ಗೊತ್ತು. ಹೊಸಬರಿಬ್ಬರನ್ನು ಕೂರಿಸಿದರೆ ಅವರು ದಿನವಿಡೀ ಇವರನ್ನೇ ಕೇಳುತ್ತಿರುತ್ತಾರೆ.

ಬ್ರಿಟನ್ನಿನ ಒಂದು ಬ್ಯಾಂಕ್

ಈ ಲೆಕ್ಕವನ್ನು ಬಿಟ್ಟು ದಿನಾಂಕವನ್ನು ಮೊದಲು ಘೋಷಿಸಿದರೆ ಏನಾಗಬಹುದೆಂಬುದಕ್ಕೆ ಟಿಎಸ್‌ಬಿ ಬ್ಯಾಂಕಿನ ಪ್ರಕರಣ ಉಪಯುಕ್ತವಾಗಿದೆ. ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಲಾಯ್ಡ್ಸ್ ಸಮೂಹದ ವ್ಯವಸ್ಥೆಯಿಂದ ಆಗ ತನ್ನ ಮಾತೃಸಂಸ್ಥೆಯಾಗಿದ್ದ ಸ್ಪೇನಿನ ಸಬಾಡೆಲ್ ಬ್ಯಾಂಕಿನ ವ್ಯವಸ್ಥೆಗೆ 2017ರ ನವೆಂಬರ್‌ನಲ್ಲಿ ವರ್ಗಾಯಿಸಲು ಅದು ಯೋಜಿಸಿತ್ತು. ಕೆಲಸ ಹಿಂದೆ ಬಿದ್ದುದರಿಂದ 2018ರ ಮೊದಲ ತ್ರೈಮಾಸಿಕಕ್ಕೆ ಮುಂದೂಡಿರುವುದಾಗಿ 2017ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ವರ್ಗಾವಣೆ ನಡೆದುದು 2018ರ ಏಪ್ರಿಲ್‌ನಲ್ಲಿ. ಅನಂತರ ಲಕ್ಷಾಂತರ ಗ್ರಾಹಕರು ತಮ್ಮ ಖಾತೆಗಳನ್ನು ತೆರೆಯಲಾರದೆ ಪರದಾಡಿದರು. ಬ್ಯಾಂಕಿನ ಮಂಡಳಿಯೇ ನೇಮಿಸಿದ ಕಾನೂನು ಸಂಸ್ಥೆಯ ವರದಿ 2019ರ ನವೆಂಬರ್‌ನಲ್ಲಿ ಹೊರಬಂದಾಗ ಒಂದು ಸಂಗತಿ ಎದ್ದು ಕಂಡಿತು. ಕೆಲವು ಕೆಲಸಗಳು ಏಳು ತಿಂಗಳಷ್ಟು ಹಿಂದೆ ಬಿದ್ದಿದ್ದರೂ ಒಟ್ಟು ಯೋಜನೆ ನಾಲ್ಕೇ ತಿಂಗಳು ತಡವಾಗಿ ಹೇಗೆ ಸಿದ್ಧವಾಗುತ್ತದೆಂದು ಮಂಡಳಿಯು ಕೇಳಿರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು 4.865 ಕೋಟಿ ಪೌಂಡುಗಳ ದಂಡ ವಿಧಿಸಿದರು. ಆ ಒಂದು ಪ್ರಶ್ನೆಯನ್ನು, ಎಂದರೆ ಅತ್ಯಂತ ಹಿಂದೆ ಬಿದ್ದಿರುವ ಕೆಲಸ ಎಷ್ಟು ಹಿಂದಿದೆ, ಹೊಸ ದಿನಾಂಕವು ಅದಕ್ಕೆ ಸಾಕಾಗುತ್ತದೆಯೇ ಎಂಬುದನ್ನು, ನಮ್ಮ ಪತ್ರವು ಕೇಳುವ ಮೊದಲೇ ಉತ್ತರಿಸಬೇಕು.

ಪತ್ರದ ಮಾದರಿ

ಮೇಲಿನ ಲೆಕ್ಕದ ನಂತರ, ಸೆಪ್ಟೆಂಬರ್ 15ರ ಸೋಮವಾರ ಲೆಕ್ಕಪತ್ರ ವಿಭಾಗದ ವ್ಯವಸ್ಥಾಪಕರು ಬರೆಯುವ ಇ-ಮೇಲ್ ಹೀಗಿರಬಹುದು.

"ವಿಷಯ: ಹೊಸ ತಂತ್ರಾಂಶ ಅಕ್ಟೋಬರ್ 1ರಂದು ಆರಂಭವಾಗುವುದಿಲ್ಲ, ಹೊಸ ದಿನಾಂಕ ಡಿಸೆಂಬರ್ 1.

ಮಾನ್ಯರೇ,

ಹೊಸ ತಂತ್ರಾಂಶದ ಆರಂಭವನ್ನು ಎರಡು ತಿಂಗಳು ಮುಂದೂಡಬೇಕಾಗಿದೆ. ನವೆಂಬರ್ 30ರವರೆಗೆ ಎಲ್ಲ ಬಿಲ್ಲಿಂಗ್, ರವಾನೆ ಮತ್ತು ದಾಸ್ತಾನು ಹಳೆಯ ತಂತ್ರಾಂಶದಲ್ಲಿಯೇ ಮುಂದುವರಿಯುತ್ತವೆ. ಇಂದಿನ ರವಾನೆಗೆ ಯಾವ ತೊಂದರೆಯೂ ಇಲ್ಲ.

ತಡವಾಗಲು ಕಾರಣ ಸರಕುಪಟ್ಟಿ. 4,200 ನಮೂದುಗಳ ಪೈಕಿ 1,500 ಸರಿಪಡಿಸಲಾಗಿದೆ. ಈ ಕೆಲಸಕ್ಕೆ ಬೇಕಾಗುವ ಕಾಲವನ್ನು ನಾನು ಜುಲೈನಲ್ಲಿ ಕಡಿಮೆ ಅಂದಾಜು ಮಾಡಿದ್ದೆ. ಸೆಪ್ಟೆಂಬರ್ 22ರ ತೆರಿಗೆ ದರ ಬದಲಾವಣೆಯಿಂದಲೂ ಒಂದು ವಾರ ಹೋಗಲಿದೆ. ಬಳಕೆಯಲ್ಲಿರುವ 800 ನಮೂದುಗಳನ್ನು ಮಾತ್ರ ಈಗ ಪೂರ್ಣಗೊಳಿಸಿ, ಬಳಕೆಯಿಲ್ಲದ 1,900ನ್ನು ಆರಂಭದ ನಂತರಕ್ಕೆ ಬಿಡಲು ಉದ್ದೇಶಿಸಿದ್ದೇವೆ.

ಹೊಸ ವೇಳಾಪಟ್ಟಿ: ಸರಕುಪಟ್ಟಿ ಪೂರ್ಣ, ಅಕ್ಟೋಬರ್ 11. ದತ್ತಾಂಶ ತುಂಬುವುದು, ಅಕ್ಟೋಬರ್ 18. ತಿದ್ದುಪಡಿ, ಅಕ್ಟೋಬರ್ 31. ಸಮಾನಾಂತರ ಓಟ, ನವೆಂಬರ್ 3ರಿಂದ 22. ಆರಂಭಿಸಬೇಕೇ ಬೇಡವೇ ಎಂಬ ತೀರ್ಮಾನ, ನವೆಂಬರ್ 24. ದಾಸ್ತಾನು ಎಣಿಕೆ, ನವೆಂಬರ್ 30. ಆರಂಭ, ಡಿಸೆಂಬರ್ 1. ನವೆಂಬರ್ 24ರಂದು ಸಿದ್ಧವಿಲ್ಲವೆಂದು ಕಂಡುಬಂದಲ್ಲಿ ಜನವರಿ 1ಕ್ಕೆ ಮುಂದೂಡಲಾಗುವುದು, ನಡುವಿನ ದಿನಾಂಕವಿರುವುದಿಲ್ಲ.

ಮೂರು ಅಪಾಯಗಳಿವೆ. ಒಂದು, ಕಿಲೋ ಮತ್ತು ಸರಳುಗಳ ಪರಿವರ್ತನೆಯಲ್ಲಿ ತಪ್ಪು ಉಳಿಯಬಹುದು. ಇದನ್ನು ಕಂಡುಹಿಡಿಯಲು ನವೆಂಬರ್ 8, 15 ಮತ್ತು 22ರ ಶನಿವಾರಗಳಂದು ಉಗ್ರಾಣದಲ್ಲಿ 20 ಸರಕುಗಳನ್ನು ಚೀಟಿ ಎತ್ತಿ ಆರಿಸಿ ಎಣಿಸಲಾಗುವುದು. ಕೊನೆಯ ಎರಡು ಶನಿವಾರಗಳಲ್ಲಿ 19ಕ್ಕಿಂತ ಕಡಿಮೆ ಸರಿಬಂದರೆ ಆರಂಭಿಸುವುದಿಲ್ಲ. ಎರಡು, ಉಗ್ರಾಣ ಪಾಲಕರು ದೀಪಾವಳಿಗೆ ಒಂದು ವಾರ ಊರಿಗೆ ಹೋಗುತ್ತಾರೆ. ಅವರ ಮಾಹಿತಿ ಬೇರೆಯವರಿಗಿಲ್ಲ. ಅಕ್ಟೋಬರ್ 6ರಿಂದ ಸಹಾಯಕರು ಅವರೊಂದಿಗೆ ಕುಳಿತು ಕಲಿಯಲು ಉತ್ಪಾದನಾ ವಿಭಾಗವು ಪ್ರತಿದಿನ ಎರಡು ಗಂಟೆ ಬಿಡುವು ಕೊಡಬೇಕಾಗಿದೆ. ಮೂರು, ನವೆಂಬರ್ 30ರ ಎಣಿಕೆಯಲ್ಲಿ ದಾಸ್ತಾನಿನ ಮೌಲ್ಯ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆ ಬರಬಹುದು. ಬ್ಯಾಂಕಿನ ಮಾರ್ಜಿನ್ ಶೇಕಡಾ 25 ಇರುವುದರಿಂದ, ಮೌಲ್ಯ 20 ಲಕ್ಷ ಇಳಿದರೆ ನಾವು ತೆಗೆಯಬಹುದಾದ ಮೊತ್ತ 15 ಲಕ್ಷ ಇಳಿಯುತ್ತದೆ. ಶನಿವಾರದ ಎಣಿಕೆಗಳಿಂದ ಇದರ ಸುಳಿವು ನವೆಂಬರ್ 15ಕ್ಕೆ ಸಿಗುತ್ತದೆ, ಅಂದೇ ತಿಳಿಸುತ್ತೇನೆ.

ಹೆಚ್ಚುವರಿ ವೆಚ್ಚ 85,000 ರೂ.: ಹಳೆಯ ತಂತ್ರಾಂಶದ ನಿರ್ವಹಣೆ 18,000, ಹೆಚ್ಚಿನ ಅವಧಿಯ ಕೆಲಸ 27,000, ಪೂರೈಕೆದಾರರ ಹೆಚ್ಚುವರಿ ಭೇಟಿಗಳು 40,000.

ತಮ್ಮಿಂದ ಸೆಪ್ಟೆಂಬರ್ 18ರೊಳಗೆ ಎರಡು ತೀರ್ಮಾನಗಳು ಬೇಕು: 1,900 ನಮೂದುಗಳನ್ನು ಬಿಡಲು ಒಪ್ಪಿಗೆ ಮತ್ತು ಮೇಲಿನ ವೆಚ್ಚಕ್ಕೆ ಮಂಜೂರಾತಿ. ಮುಂದಿನ ವರದಿ ಸೆಪ್ಟೆಂಬರ್ 29ರ ಸೋಮವಾರ. ಅನಂತರ ಹದಿನೈದು ದಿನಗಳಿಗೊಮ್ಮೆ.

ಇಂತಿ ವಿಶ್ವಾಸಿ."

ಪತ್ರದ ಕುರಿತು ಕೆಲವು ವಿವರಣೆಗಳು

ವಿಷಯದ ಸಾಲಿನಲ್ಲಿಯೇ ಕೆಟ್ಟ ಸುದ್ದಿ ಮತ್ತು ಹೊಸ ದಿನಾಂಕ ಎರಡೂ ಇವೆ. "ತಂತ್ರಾಂಶ ಪ್ರಗತಿ ವರದಿ" ಎಂಬ ಶೀರ್ಷಿಕೆಯ ಇ-ಮೇಲನ್ನು ರವಾನೆ ವಿಭಾಗದವರು ತೆರೆಯುವುದೇ ಇಲ್ಲ; ಅಕ್ಟೋಬರ್ 1ರ ಬೆಳಿಗ್ಗೆ ಹೊಸ ತಂತ್ರಾಂಶಕ್ಕಾಗಿ ಕಾಯುತ್ತ ಕೂರುತ್ತಾರೆ. ಎರಡನೆಯ ಸಾಲಿನಲ್ಲಿ ಅಲ್ಲಿಯವರೆಗೆ ಏನು ಮಾಡಬೇಕೆಂಬುದು ಬಂದಿದೆ. ಕಾರಣ ಅದರ ನಂತರ.

ಕಾರಣವನ್ನು ಹೇಳುವಾಗ ಬರೆದವರು ತಮ್ಮ ತಪ್ಪು ಅಂದಾಜನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡಿದ್ದಾರೆ. ಕ್ಷಮಾಪಣೆಯ ಪುಟಗಳಿಲ್ಲ, ಪೂರೈಕೆದಾರರ ಮೇಲೆ ಆರೋಪವೂ ಇಲ್ಲ. ಪೂರೈಕೆದಾರರಿಗೂ ಈ ಪತ್ರದ ಪ್ರತಿ ಹೋಗುವುದರಿಂದ, ಅವರ ಕಡೆಯ ತಪ್ಪಿದ್ದಲ್ಲಿ ಅದನ್ನು ಕರಾರಿನ ಷರತ್ತನ್ನು ಉಲ್ಲೇಖಿಸಿ ಬೇರೆ ಪತ್ರದಲ್ಲಿ ಬರೆಯುವುದು ಸೂಕ್ತ. ಹಾಗೆಯೇ ಮಾಲೀಕರಿಗೆ ಪತ್ರ ತಲುಪುವ ಮೊದಲು ಎದುರಿಗೆ ಅಥವಾ ದೂರವಾಣಿಯಲ್ಲಿ ವಿಷಯವನ್ನು ತಿಳಿಸಿರಬೇಕು. ಇಪ್ಪತ್ತು ಜನರ ಜೊತೆಗೆ ತಾವೂ ಆಗಲೇ ಮೊದಲ ಬಾರಿಗೆ ಓದಿದರೆಂದರೆ ಅವರ ಕೋಪವೆಲ್ಲ ಆ ಒಂದು ಸಂಗತಿಯ ಮೇಲೆಯೇ ಖರ್ಚಾಗುತ್ತದೆ.

ಅಪಾಯಗಳ ಭಾಗವು ಇಡೀ ಪತ್ರದ ತಿರುಳು. "ಸಿಬ್ಬಂದಿ ಕೊರತೆ, ದತ್ತಾಂಶದ ಗುಣಮಟ್ಟ" ಎಂದು ಬರೆದರೆ ಅದು ಅಪಾಯಗಳ ಪಟ್ಟಿಯಲ್ಲ, ಮುಂದೆ ಕೈ ತೊಳೆದುಕೊಳ್ಳಲು ಮಾಡಿಟ್ಟ ಟಿಪ್ಪಣಿ. ಮಾದರಿಯಲ್ಲಿ ಪ್ರತಿ ಅಪಾಯಕ್ಕೂ ಅದು ಸಂಭವಿಸುತ್ತಿದೆಯೆಂದು ಯಾವ ಗುರುತಿನಿಂದ ತಿಳಿಯುತ್ತದೆ, ಯಾವ ದಿನ ತಿಳಿಯುತ್ತದೆ, ಆಗ ಏನು ಮಾಡುತ್ತೇವೆ ಎಂಬ ಮೂರರಲ್ಲಿ ಕನಿಷ್ಠ ಎರಡಾದರೂ ಇವೆ. ಶನಿವಾರದ 20 ಸರಕುಗಳ ಎಣಿಕೆ ಚಿಕ್ಕದು, ಒಂದು ಗಂಟೆಯ ಕೆಲಸ. ಚೀಟಿ ಎತ್ತಿ ಆರಿಸುವುದು ಮಾತ್ರ ಮುಖ್ಯ. ಇಲ್ಲವಾದರೆ ಉಗ್ರಾಣದವರು ತಮಗೆ ಸರಿಯಾಗಿ ಗೊತ್ತಿರುವ ಸರಕುಗಳನ್ನೇ ಎಣಿಸಿ ತೋರಿಸುತ್ತಾರೆ. ಇಪ್ಪತ್ತರ ಎಣಿಕೆಯಿಂದ 2,300 ನಮೂದುಗಳೂ ಸರಿಯಿವೆಯೆಂದು ಸಾಬೀತಾಗುವುದಿಲ್ಲ. ಆದರೆ ಪರಿವರ್ತನೆಯಲ್ಲಿ ದೊಡ್ಡ ತಪ್ಪಿದ್ದರೆ ಅದು ಮೊದಲ ಶನಿವಾರವೇ ಮುಖಕ್ಕೆ ರಾಚುತ್ತದೆ.

ಬ್ಯಾಂಕಿನ ಸಾಲಮಿತಿಯ ಅಪಾಯವನ್ನು ಬರೆಯಲು ಅನೇಕರು ಹಿಂಜರಿಯುತ್ತಾರೆ. ದಾಸ್ತಾನಿನ ಮೌಲ್ಯ ಇಳಿಯಬಹುದೆಂದು ಬರವಣಿಗೆಯಲ್ಲಿ ಇಡುವುದು ಅವರಿಗೆ ಅಪಶಕುನದಂತೆ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಮಾಲೀಕರು ಅತ್ಯಂತ ಮುಂಚಿತವಾಗಿ ತಿಳಿಯಬೇಕಾದ ವಿಷಯ. ಇಲ್ಲದ ಸರಕಿನ ಮೇಲೆ ಸಾಲ ತೆಗೆದಿರುವುದು ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದರೆ ಸಂಬಳದ ವಾರದಲ್ಲಿ 15 ಲಕ್ಷವನ್ನು ಎಲ್ಲಿಂದ ತರಬೇಕು? ಆದರೆ ಈ ಭಾಗವಿರುವ ಪತ್ರವನ್ನು ಎಲ್ಲರಿಗೂ ಕಳುಹಿಸಬಾರದು. ಪೂರೈಕೆದಾರರಿಗೆ ಮತ್ತು ವಿಭಾಗಗಳಿಗೆ ಹೋಗುವ ಪ್ರತಿಯಲ್ಲಿ ಮೂರನೆಯ ಅಪಾಯವನ್ನು ಬಿಟ್ಟು, ಮಾಲೀಕರು ಮತ್ತು ಲೆಕ್ಕಪರಿಶೋಧಕರಿಗೆ ಪೂರ್ಣ ಪ್ರತಿಯನ್ನು ಕಳುಹಿಸಬೇಕು.

ಇ-ಇನ್‌ವಾಯ್ಸ್ ಎಂಬ ಪ್ರತ್ಯೇಕ ಎಚ್ಚರಿಕೆ

ಮಾದರಿ ಪತ್ರದಲ್ಲಿ ಸೇರಿಸದ ಒಂದು ಸಂಗತಿಯನ್ನು ಬಿಲ್ಲಿಂಗ್ ಮತ್ತು ರವಾನೆ ವಿಭಾಗಗಳಿಗೆ ಬೇರೆಯಾಗಿ ಬರೆದು ಕೊಡಬೇಕಾಗುತ್ತದೆ. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಮೀರಿದ ವಾರ್ಷಿಕ ವಹಿವಾಟುಳ್ಳ ಘಟಕಗಳು ನೋಂದಾಯಿತ ಖರೀದಿದಾರರಿಗೆ ನೀಡುವ ಬಿಲ್‌ಗಳನ್ನು ಇ-ಇನ್‌ವಾಯ್ಸ್ ಜಾಲತಾಣದಲ್ಲಿ ದಾಖಲಿಸಿ ಐಆರ್‌ಎನ್ ಸಂಖ್ಯೆಯನ್ನು ಪಡೆಯಬೇಕಾಗಿದೆ. ಈ ಸಂಖ್ಯೆಯು ಪೂರೈಕೆದಾರರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ಆರ್ಥಿಕ ವರ್ಷ ಮತ್ತು ದಾಖಲೆಯ ಬಗೆ ಇವುಗಳಿಂದ ಹುಟ್ಟುತ್ತದೆ. ಹೊಸ ತಂತ್ರಾಂಶವು ವರ್ಷದ ನಡುವೆ ಮತ್ತೆ 1ರಿಂದಲೇ ಬಿಲ್ ಸಂಖ್ಯೆಯನ್ನು ಆರಂಭಿಸಿದರೆ, ಅದೇ ಸಂಖ್ಯೆ ಏಪ್ರಿಲ್‌ನಲ್ಲಿಯೇ ಬಳಕೆಯಾಗಿರುವುದರಿಂದ ಜಾಲತಾಣವು ಅದನ್ನು ತಿರಸ್ಕರಿಸುತ್ತದೆ. ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ಬಿಲ್ ಹೊರಬರುವುದಿಲ್ಲ. ಆದ್ದರಿಂದ ಹೊಸ ಸರಣಿಗೆ `N/25-26/0001` ಎಂಬಂತೆ ಬೇರೆ ಪೂರ್ವಾಕ್ಷರವನ್ನು ಮೊದಲೇ ಗೊತ್ತುಪಡಿಸಬೇಕು. ಒಟ್ಟು ಅಕ್ಷರಗಳು 16ನ್ನು ಮೀರಬಾರದು.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ದುಬಾರಿಯದು. ಸಮಾನಾಂತರ ಓಟದ ಮೂರು ವಾರ ಪ್ರತಿ ಬಿಲ್ ಎರಡು ಬಾರಿ ತಯಾರಾಗುತ್ತದೆ. ಹೊಸ ತಂತ್ರಾಂಶದಲ್ಲಿ ಸರಣಿ ಬೇರೆಯಾಗಿರುವುದರಿಂದ, ಅಲ್ಲಿಂದಲೂ ನಿಜವಾದ ಜಾಲತಾಣಕ್ಕೆ ಬಿಲ್ ಹೋದರೆ ಅದು ಸ್ವೀಕೃತವಾಗಿಯೇ ಬಿಡುತ್ತದೆ. ಒಂದೇ ಮಾರಾಟ ಎರಡು ಬಾರಿ ಜಿಎಸ್‌ಟಿಆರ್-1ರಲ್ಲಿ ತಾನಾಗಿ ಮೂಡುತ್ತದೆ. ಜಾಲತಾಣದಲ್ಲಿ ಐಆರ್‌ಎನ್ ರದ್ದುಪಡಿಸಲು ಇರುವುದು 24 ಗಂಟೆ ಮಾತ್ರ. ಅನಂತರ ಕ್ರೆಡಿಟ್ ನೋಟಿನ ಮೂಲಕವೋ ರಿಟರ್ನ್‌ನಲ್ಲಿ ತಿದ್ದಿಯೋ ಸರಿಪಡಿಸಬೇಕು. ನವೆಂಬರ್ 22ರವರೆಗೆ ಹೊಸ ತಂತ್ರಾಂಶವು ಪರೀಕ್ಷಾ ಜಾಲತಾಣಕ್ಕೆ ಮಾತ್ರ ಜೋಡಣೆಯಾಗಿರಬೇಕೆಂದು ಪೂರೈಕೆದಾರರಿಂದ ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಜೋಡಣೆಯನ್ನು ನಿಜವಾದ ಜಾಲತಾಣಕ್ಕೆ ಬದಲಾಯಿಸುವ ಅಧಿಕಾರ ಯಾರಿಗಿದೆ ಎಂಬುದನ್ನೂ ಹೆಸರು ಹೇಳಿ ಬರೆದಿಡಬೇಕು.

ಗ್ರಾಹಕರಿಗೆ ಬರೆಯುವ ಪತ್ರ

ನಮ್ಮ ಘಟಕದ ಅತಿ ದೊಡ್ಡ ಗ್ರಾಹಕ ಸಂಸ್ಥೆಗೆ ಅಕ್ಟೋಬರ್ 1ರಿಂದ ಪ್ರತಿ ಪೆಟ್ಟಿಗೆಯ ಮೇಲೂ ಬಾರ್‌ಕೋಡ್ ಲೇಬಲ್ ಅಂಟಿಸಿ ಕಳುಹಿಸುವುದಾಗಿ ಒಪ್ಪಿಕೊಂಡಿದ್ದೆವೆಂದು ಇಟ್ಟುಕೊಳ್ಳೋಣ. ಅವರಿಗೆ ಮೇಲಿನ ಪತ್ರವನ್ನೇ ಕಳುಹಿಸುವುದು ಸರಿಯಲ್ಲ. ನಮ್ಮ ಸರಕುಪಟ್ಟಿಯ ಅವ್ಯವಸ್ಥೆ ಅವರಿಗೆ ಬೇಕಾಗಿಲ್ಲ. ಅವರಿಗೆ ಬೇಕಾದುದು ಎರಡೇ: ಸರಕು ಸಮಯಕ್ಕೆ ಬರುತ್ತದೆಯೇ, ಬಾಗಿಲಲ್ಲಿ ಅದನ್ನು ಒಳಗೆ ಬಿಡಲು ಏನು ಮಾಡಬೇಕು. ಆದ್ದರಿಂದ ಪತ್ರ ಐದಾರು ಸಾಲುಗಳಲ್ಲಿ ಮುಗಿಯಬೇಕು: "ನಮ್ಮ ಹೊಸ ತಂತ್ರಾಂಶದಿಂದ ಬಾರ್‌ಕೋಡ್ ಲೇಬಲ್ ನೀಡುವ ದಿನಾಂಕವು ಅಕ್ಟೋಬರ್ 1ರಿಂದ ಡಿಸೆಂಬರ್ 1ಕ್ಕೆ ಬದಲಾಗಿದೆ. ಸರಬರಾಜಿನ ವೇಳಾಪಟ್ಟಿಯಲ್ಲಿ ಬದಲಾವಣೆಯಿಲ್ಲ. ನಡುವಿನ ಅವಧಿಯಲ್ಲಿ ತಮ್ಮ ಬಿಡಿಭಾಗದ ಸಂಖ್ಯೆ, ಪ್ರಮಾಣ ಮತ್ತು ಬಿಲ್ ಸಂಖ್ಯೆಯುಳ್ಳ ಲೇಬಲ್‌ಗಳನ್ನು ನಾವು ಪ್ರತ್ಯೇಕವಾಗಿ ಮುದ್ರಿಸಿ ಅಂಟಿಸುತ್ತೇವೆ, ಮಾದರಿಯನ್ನು ಲಗತ್ತಿಸಿದೆ. ಇದಕ್ಕೆ ತಮ್ಮ ಸ್ವೀಕೃತಿ ವಿಭಾಗದ ಒಪ್ಪಿಗೆಯನ್ನು ಸೆಪ್ಟೆಂಬರ್ 22ರೊಳಗೆ ತಿಳಿಸಬೇಕೆಂದು ಕೋರುತ್ತೇವೆ. ಡಿಸೆಂಬರ್ 1ರ ದಿನಾಂಕವನ್ನು ನವೆಂಬರ್ 24ರಂದು ದೃಢಪಡಿಸುತ್ತೇವೆ."

ಒಪ್ಪಿಗೆಯನ್ನು ಬರಹದಲ್ಲಿ ಕೇಳಿರುವುದು ಕಾರಣವಿಲ್ಲದೆ ಅಲ್ಲ. ಗ್ರಾಹಕ ಸಂಸ್ಥೆಯ ಖರೀದಿ ಅಧಿಕಾರಿಯು ದೂರವಾಣಿಯಲ್ಲಿ "ಆಗಲಿ ಬಿಡಿ" ಎಂದಿರಬಹುದು. ಅಕ್ಟೋಬರ್ 3ರ ಬೆಳಿಗ್ಗೆ ಬಾಗಿಲಲ್ಲಿ ನಿಂತಿರುವ ಕಾವಲುಗಾರನಿಗೆ ಆ ಮಾತು ಗೊತ್ತಿರುವುದಿಲ್ಲ. ಚಾಲಕನ ಕೈಯಲ್ಲಿ ಆ ಇ-ಮೇಲಿನ ಮುದ್ರಿತ ಪ್ರತಿಯೊಂದಿರಬೇಕು.

ಹದಿನೈದು ದಿನಗಳ ನಂತರದ ಪತ್ರ

ಸೆಪ್ಟೆಂಬರ್ 29ರ ವರದಿಯು ಮೊದಲಿನದಕ್ಕಿಂತ ಬಹಳ ಚಿಕ್ಕದಾಗಿರಬೇಕು. ಅದರಲ್ಲಿ ಮೊದಲು ಹೇಳಿದ ಅಂಕಿ ಮತ್ತು ಆದ ಅಂಕಿ ಅಕ್ಕಪಕ್ಕ ಇರಬೇಕು: 27ರ ಹೊತ್ತಿಗೆ 400 ನಮೂದುಗಳು ಮುಗಿಯಬೇಕಿತ್ತು, 370 ಮುಗಿದಿವೆ, ಉಳಿದ 30 ಅಕ್ಟೋಬರ್ 6ರ ವಾರಕ್ಕೆ ಸೇರುವುದರಿಂದ ಆ ವಾರದ ಗುರಿ 280 ಆಗುತ್ತದೆ, ವಾರಕ್ಕೆ 300ರ ವೇಗದಲ್ಲಿ ಅದು ಸಾಧ್ಯ, ದಿನಾಂಕದಲ್ಲಿ ಬದಲಾವಣೆಯಿಲ್ಲ. ಇದೇ ಜಾಗದಲ್ಲಿ 250 ಮಾತ್ರ ಮುಗಿದಿದ್ದರೆ ಉಳಿಕೆ 150 ಸೇರಿ ಆ ವಾರದ ಗುರಿ 400 ಆಗುತ್ತಿತ್ತು. ಅಲ್ಲಿಯವರೆಗೆ ಒಮ್ಮೆಯೂ ಕಾಣದ ವೇಗವನ್ನು ಆ ವಾರದಲ್ಲಿ ನಿರೀಕ್ಷಿಸಲಾಗದು. ಆಗ ಕೊರತೆಯ ನೂರು ನಮೂದುಗಳು ದತ್ತಾಂಶ ತುಂಬುವ ವಾರವನ್ನು ಎರಡು ಮೂರು ದಿನ ತಿನ್ನುತ್ತವೆ. ದೀಪಾವಳಿಯ ವಾರದಲ್ಲಿ ಸ್ವಲ್ಪ ಎಡೆ ಇರುವುದರಿಂದ ಡಿಸೆಂಬರ್ 1 ಉಳಿಯುತ್ತದೆ, ಆದರೆ ಆ ಎಡೆ ಮುಗಿದುಹೋಯಿತೆಂಬುದನ್ನು ಅಂದಿನ ವರದಿಯಲ್ಲಿಯೇ ಬರೆಯಬೇಕು. ಉಗ್ರಾಣ ಪಾಲಕರು ಊರಿಗೆ ಹೋಗುವ ಮುನ್ನ ಸಹಾಯಕರು ಕಲಿತುಕೊಳ್ಳಲು ಉಳಿದಿರುವ ದಿನಗಳೂ ಆಗ ಎರಡು ವಾರಕ್ಕೆ ಇಳಿದಿರುತ್ತವೆ.